ದಪ್ಪ ಚರ್ಮವೋ, ತೆಳು ಚರ್ಮವೋ?

ಪ್ರಶ್ನೆ: ಮಡಿಕೇರಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಸ್ಲೈಡ್‌ನಲ್ಲಿ ದಪ್ಪ ಚರ್ಮ, ತೆಳು ಚರ್ಮ ಗುರುತಿಸುವುದು ಹೇಗೆ?

ಮೊದಲು ಕೂದಲಿನ ಬುಡ ಹುಡುಕಿ. ಕಂಡರೆ ತೆಳು ಚರ್ಮ, ಅನುಮಾನವೇ ಬೇಡ. ದಪ್ಪ ಚರ್ಮವಿರುವ ಅಂಗೈ, ಅಂಗಾಲುಗಳಲ್ಲಿ ಕೂದಲೂ ಇಲ್ಲ, ಎಣ್ಣೆ ಗ್ರಂಥಿಯೂ ಇಲ್ಲ.

ಆದರೆ ಕೂದಲು ಕಾಣದಿದ್ದರೆ ದಪ್ಪ ಚರ್ಮವೆಂದು ತೀರ್ಮಾನಿಸಬೇಡಿ. ಎರಡು ಕೂದಲುಗಳ ನಡುವಿನ ಜಾಗ ಸ್ಲೈಡ್‌ಗೆ ಬಂದಿರಬಹುದು. ಆಗ ಎಲ್ಲಕ್ಕಿಂತ ಮೇಲಿನ ಕಾರ್ನಿಯಮ್, ಅಂದರೆ ಸತ್ತ ಕೋಶಗಳ ಪದರ, ನೋಡಿ. ಮಾಮೂಲಿ ಎಚ್-ಇ ಬಣ್ಣದಲ್ಲಿ ಅಂಗೈಯದ್ದು ಅಗಲವಾದ ಗುಲಾಬಿ ಪಟ್ಟಿ, ಅದನ್ನು ಸೀಳಿಕೊಂಡು ಬೆವರಿನ ನಾಳ ಸುರುಳಿಯಾಗಿ ಏರುತ್ತದೆ. ತೆಳು ಚರ್ಮದಲ್ಲಿ ಬರೀ ಎಳೆಎಳೆಯಾದ ಸಿಪ್ಪೆ. ತಿಕ್ಕಾಟ ತಡೆಯಲು ಬೆಳೆಯುವ ಪದರವಿದು. ಕಾಫಿ ತೋಟದಲ್ಲಿ ಕತ್ತಿ ಹಿಡಿದ ಅಂಗೈ ಜಡ್ಡುಗಟ್ಟುವುದೂ ಇದರಿಂದಲೇ.

ಬೆನ್ನಿನ ಚರ್ಮ ಒಟ್ಟಾರೆ ಬಹಳ ದಪ್ಪ, ಆದರೂ ‘ತೆಳು’: ಹೆಸರು ಚರ್ಮದ ಹೊರಪದರವಾದ ಎಪಿಡರ್ಮಿಸ್‌ನ ದಪ್ಪಕ್ಕೆ ಮಾತ್ರ.