ಅರ್ಜಿಪತ್ರದಲ್ಲಿ ‘ಮಾಡುತ್ತಿದ್ದೆ’ ಮತ್ತು ‘ಮಾಡುತ್ತಿದ್ದೇನೆ’

ಪ್ರಶ್ನೆ: ಕನ್ನಡ ಪ್ರಕಾಶನ ಸಂಸ್ಥೆಯೊಂದಕ್ಕೆ ಅರ್ಜಿ ಕಳಿಸಿದ ಮೇಲೆ ನನ್ನ ಕವರ್ ಲೆಟರ್‌ನಲ್ಲಿ ಕಾಲಗಳು ಬೆರೆತಿರುವುದು ಕಂಡಿತು. ಇಷ್ಟು ಸಣ್ಣ ವ್ಯಾಕರಣದೋಷವನ್ನು ಯಾರಾದರೂ ಗಮನಿಸುತ್ತಾರೆಯೇ? ಎಲ್ಲವನ್ನೂ ಒಂದೇ ಕಾಲಕ್ಕೆ ತಂದು ಮತ್ತೆ ಕಳಿಸಲೇ?

ಗಮನಿಸುತ್ತಾರೆ. 2018ರ ಜುಲೈನಲ್ಲಿ ಇಂಥದೇ ಒಂದು ಪತ್ರದಿಂದಾಗಿ ನನಗೆ ಕರಡು ತಿದ್ದುವ ಕೆಲಸವೊಂದು ಕೈತಪ್ಪಿತು. ಅದಕ್ಕೂ ಮೊದಲು ಏಳು ವರ್ಷ ಒಂದು ವಾರಪತ್ರಿಕೆಯಲ್ಲಿ ಅದೇ ಕೆಲಸದಲ್ಲಿದ್ದೆ. ಮಾರ್ಚ್ 31ಕ್ಕೆ ಅಲ್ಲಿಂದ ಬಿಡುಗಡೆಯಾಗಿತ್ತು. ಆದರೆ ಪತ್ರದ ಮೂಲ ಪ್ರತಿಯನ್ನು ನಾನು ಬರೆದಿಟ್ಟಿದ್ದು ಜನವರಿಯಲ್ಲಿ, ಇನ್ನೂ ಕೆಲಸದಲ್ಲಿದ್ದಾಗ. ಜುಲೈನಲ್ಲಿ ಅದನ್ನೇ ತೆಗೆದು, ವಿಳಾಸ ಬದಲಿಸಿ, ಕಣ್ಣಿಗೆ ಬಿದ್ದ ಕ್ರಿಯಾಪದಗಳನ್ನಷ್ಟೇ ತಿದ್ದಿದೆ.

ಹೀಗಾಗಿ ಮೊದಲ ಪ್ಯಾರಾದಲ್ಲಿ ‘ಕರಡು ತಿದ್ದುತ್ತಿದ್ದೇನೆ’ ಎಂದು ಉಳಿಯಿತು, ಎರಡನೆಯದರಲ್ಲಿ ‘ಪುರವಣಿಯನ್ನು ನೋಡಿಕೊಳ್ಳುತ್ತಿದ್ದೆ’ ಎಂದಾಯಿತು. ಮೂರನೆಯ ಪ್ಯಾರಾದ ವಾಕ್ಯ ಇವೆರಡಕ್ಕಿಂತ ಕೆಟ್ಟದ್ದು: ‘2011ರಿಂದ ಪುಟಗಳ ಕರಡು ತಿದ್ದುತ್ತಿದ್ದು, ವಿಶೇಷಾಂಕದ ಹೊಣೆಯನ್ನೂ ನಿರ್ವಹಿಸಿರುತ್ತೇನೆ.’ ಸಂದರ್ಶನದಲ್ಲಿ ಹಿರಿಯ ಸಂಪಾದಕರೊಬ್ಬರು ಆ ಮೂರು ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದರು. ‘ನೀವು ಈಗ ಅಲ್ಲಿ ಇದ್ದೀರೋ, ಬಿಟ್ಟಿದ್ದೀರೋ?’ ಎಂದು ಕೇಳಿದರು. ಬಿಟ್ಟಿದ್ದೇನೆ ಎಂದೆ. ‘ಹಾಗಾದರೆ ಇಲ್ಲಿ ಇದ್ದೇನೆ ಎಂದು ಏಕೆ ಬರೆದಿರಿ?’ ಎಂದರು. ಬಿಡುಗಡೆ ಪತ್ರ ನನ್ನ ಕಡತದಲ್ಲೇ ಇತ್ತು. ಆದರೂ ನಾಲ್ಕು ತಿಂಗಳ ಖಾಲಿ ಅವಧಿಯನ್ನು ಮುಚ್ಚಿಡಲು ಹಾಗೆ ಬರೆದೆನೇನೋ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತಿತ್ತು. ಆಮೇಲಿನ ಮಾತುಕತೆಯೆಲ್ಲ ಅದರ ಸುತ್ತಲೇ ನಡೆಯಿತು.

ಆ ಮೂರನೆಯ ವಾಕ್ಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಬರುವ ಅರ್ಜಿಪತ್ರಗಳಲ್ಲಿ ಇಂದಿಗೂ ಇದೇ ತಪ್ಪು ಕಾಣುತ್ತದೆ. ‘ತಿದ್ದುತ್ತಿದ್ದು’ ಎಂಬ ರೂಪಕ್ಕೆ ತನ್ನದೇ ಆದ ಕಾಲವಿಲ್ಲ. ಅದು ‘ತಿದ್ದುತ್ತಿದ್ದೇನೆ’ಯೂ ಆಗಬಹುದು, ‘ತಿದ್ದುತ್ತಿದ್ದೆ’ಯೂ ಆಗಬಹುದು, ವಾಕ್ಯದ ಕೊನೆಯ ಕ್ರಿಯಾಪದ ಬಂದು ಯಾವುದೆಂದು ತೀರ್ಮಾನಿಸಬೇಕು. ನಾನು ಕೊನೆಯಲ್ಲಿ ಇಟ್ಟದ್ದು ‘ನಿರ್ವಹಿಸಿರುತ್ತೇನೆ’. ಕಚೇರಿಯ ಕನ್ನಡದಲ್ಲಿ ಇದನ್ನು ಮುಗಿದ ಕೆಲಸಕ್ಕೆ ಬಳಸುವ ರೂಢಿಯಿದೆ, ಆದರೆ ಮಾತಿನಲ್ಲಿ ‘ನೀವು ಬರುವ ಹೊತ್ತಿಗೆ ನಾನು ಊಟ ಮುಗಿಸಿರುತ್ತೇನೆ’ ಎಂದರೆ ಅದು ಮುಂದಿನ ಮಾತು. ಮೊದಲರ್ಧ ಕಾಲವನ್ನು ಹೇಳುವುದಿಲ್ಲ, ಎರಡನೆಯರ್ಧ ಖಚಿತಪಡಿಸುವುದಿಲ್ಲ. ಅದರ ಮೇಲೆ ‘2011ರಿಂದ’ ಎಂಬ ಪದ ಕೆಲಸ ಇನ್ನೂ ನಡೆಯುತ್ತಿದೆ ಎಂಬ ಭಾವನೆ ಹುಟ್ಟಿಸುತ್ತದೆ. ನಾನು ಬರೆಯಬೇಕಾಗಿದ್ದುದು ಇಷ್ಟು: ‘2011ರಿಂದ 2018ರ ಮಾರ್ಚ್‌ವರೆಗೆ ಪುಟಗಳ ಕರಡು ತಿದ್ದುತ್ತಿದ್ದೆ. ಮೂರು ವಿಶೇಷಾಂಕಗಳ ಹೊಣೆಯನ್ನೂ ಹೊತ್ತಿದ್ದೆ.’

ನಿಮ್ಮ ಪ್ರಶ್ನೆಯಲ್ಲಿರುವ ‘ಎಲ್ಲವನ್ನೂ ಒಂದೇ ಕಾಲಕ್ಕೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಹೊಸ ತಪ್ಪುಗಳಾಗುತ್ತವೆ. ಬಿಟ್ಟ ಕೆಲಸ ಭೂತಕಾಲದಲ್ಲಿರಬೇಕು, ಆದರೆ ‘ನುಡಿ ಮತ್ತು ಯೂನಿಕೋಡ್ ಎರಡರಲ್ಲೂ ಟೈಪ್ ಮಾಡಬಲ್ಲೆ’ ಎಂಬುದು ವರ್ತಮಾನದಲ್ಲೇ ಇರಬೇಕು. ಕೆಲಸ ಬಿಟ್ಟೊಡನೆ ಕೌಶಲವೂ ಹೋಗುವುದಿಲ್ಲವಲ್ಲ. ಪತ್ರದ ನೆತ್ತಿಯ ಮೇಲೆ ಪೆನ್ಸಿಲ್ಲಿನಲ್ಲಿ ಬಿಡುಗಡೆಯ ದಿನಾಂಕ ಬರೆದುಕೊಳ್ಳಿ. ಪ್ರತಿ ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಅಡಿಗೆರೆ ಎಳೆದು, ಅದು ಆ ದಿನಕ್ಕೆ ಮೊದಲಿನದೋ ಇಂದಿಗೂ ಇರುವುದೋ ಎಂದು ಕೇಳಿಕೊಳ್ಳಿ. ‘-ದ್ದು’ ಎಂದು ಮುಂದುವರಿಯುವ ವಾಕ್ಯವನ್ನು ಎರಡಾಗಿ ಮುರಿಯಿರಿ. ‘-ಇರುತ್ತೇನೆ’ ಎಂಬುದನ್ನು ‘-ಇದ್ದೇನೆ’ ಅಥವಾ ‘-ದೆ’ ಮಾಡಿ. ನನ್ನ ಪತ್ರಕ್ಕೆ ಇದಿಷ್ಟಕ್ಕೂ ಹತ್ತು ನಿಮಿಷ ಸಾಕಾಗುತ್ತಿತ್ತು.

ಉಳಿದ ಸಣ್ಣ ತಪ್ಪುಗಳನ್ನು ಇದರೊಂದಿಗೆ ಸೇರಿಸಬೇಡಿ. ‘ವಿದ್ಯಾರ್ಥಿ’ ಎಂಬಲ್ಲಿ ‘ವಿಧ್ಯಾರ್ಥಿ’ ಎಂದಾಗಿದ್ದರೆ ಅವಸರ ಎಂದುಕೊಳ್ಳುತ್ತಾರೆ. ಕರಡು ತಿದ್ದುವ ಕೆಲಸಕ್ಕಾದರೆ ಅದೂ ದುಬಾರಿಯೇ, ಆದರೂ ಅದರಿಂದ ನಿಮ್ಮ ಬದುಕಿನ ಸಂಗತಿಯೇನೂ ಬದಲಾಗುವುದಿಲ್ಲ. ‘ಮಾಡುತ್ತಿದ್ದೆ’ ಎಂಬಲ್ಲಿ ‘ಮಾಡುತ್ತಿದ್ದೇನೆ’ ಎಂದರೆ ಬದಲಾಗುತ್ತದೆ.

ಆದ್ದರಿಂದ ನಿಮ್ಮ ಪತ್ರದ ತಪ್ಪು ಕಾಗುಣಿತಕ್ಕೆ ಸೇರಿದ್ದರೆ ಮತ್ತೆ ಕಳಿಸಬೇಡಿ. ಅದು ನೀವು ಕೆಲಸದಲ್ಲಿದ್ದೀರೋ ಇಲ್ಲವೋ ಎಂಬುದನ್ನು ತಪ್ಪಾಗಿ ತೋರಿಸುತ್ತಿದ್ದರೆ ಅವರು ಕರೆಯುವ ಮೊದಲೇ, ಇಂದೇ, ಎರಡು ಸಾಲು ಬರೆಯಿರಿ: ‘ನನ್ನ ಪತ್ರದ ಮೊದಲ ಪ್ಯಾರಾದಲ್ಲಿ ಕೆಲಸ ಮಾಡುತ್ತಿದ್ದೇನೆ ಎಂದಿರುವುದು ತಪ್ಪು. ನಾನು ಇಂಥ ದಿನಾಂಕದಂದು ಅಲ್ಲಿಂದ ಬಿಡುಗಡೆ ಹೊಂದಿದ್ದೇನೆ. ತಿದ್ದಿದ ಪ್ರತಿಯನ್ನು ಲಗತ್ತಿಸಿದ್ದೇನೆ.’