ಡಿಲೇ, ಹೆಲ್ಡ್ ಅಪ್, ರೀಶೆಡ್ಯೂಲ್ಡ್: ಅನೌನ್ಸ್‌ಮೆಂಟ್‌ನಲ್ಲಿ ಕಿವಿ ಎಲ್ಲಿಡಬೇಕು

"ಇಂಗ್ಲಿಷ್ ಲಿಸನಿಂಗ್ ಪ್ರಾಕ್ಟೀಸ್‌ನಲ್ಲಿ ಬಸ್ ಸ್ಟೇಷನ್ ಅನೌನ್ಸ್‌ಮೆಂಟ್ ಇತ್ತು. ಬಸ್ಸು ಯಾಕೆ ಡಿಲೇ ಅಂತ ಪ್ರಶ್ನೆ. ಆಡಿಯೋದಲ್ಲಿ ಡಿಲೇ ಅನ್ನೋ ಪದವೇ ಬರಲಿಲ್ಲ. ಹೆಲ್ಡ್ ಅಪ್, ರೀಶೆಡ್ಯೂಲ್ಡ್ ಅಂತೆಲ್ಲ ಹೇಳಿದ್ರು. ಪೋಸ್ಟ್‌ಪೋನ್ಡ್ ಕೂಡ ಇದೇನಾ? ಎಲ್ಲಾ ಒಂದೇ ಅರ್ಥಾನಾ?"

ಒಂದೇ ಅಲ್ಲ. ಈ ಪ್ರಶ್ನೆಗೆ ಉತ್ತರವಾಗಿ ಒಬ್ಬರು "ಕ್ಯಾನ್ಸಲ್ಡ್ ಬಿಟ್ಟು ಉಳಿದದ್ದೆಲ್ಲ ಲೇಟು ಅಂತಲೇ" ಅಂದಿದ್ದಾರೆ. ನಿಮ್ಮ ಆ ಒಂದು ಪ್ರಶ್ನೆಗೆ ಅಷ್ಟು ಸಾಕು. ಆದರೆ ಅದರ ಬೆನ್ನಿಗೇ "ಈಗ ಎಷ್ಟು ಗಂಟೆಗೆ ಹೊರಡುತ್ತೆ" ಅಂತ ಕೇಳಿದರೆ ಈ ಲೆಕ್ಕ ಕೈಕೊಡುತ್ತೆ.

ಒಂದು ಮಾದರಿ ಬರೆದಿದ್ದೀನಿ, ಜೋರಾಗಿ ಓದಿ ನೋಡಿ:

"ದಿ ನೈನ್ ಟ್ವೆಂಟಿ ಸರ್ವಿಸ್, ಡ್ಯೂ ಟು ಲೀವ್ ಫ್ರಮ್ ಬೇ ಫೋರ್, ಹ್ಯಾಸ್ ಬೀನ್ ಹೆಲ್ಡ್ ಅಪ್ ಬೈ ರೋಡ್‌ವರ್ಕ್ಸ್ ಅಂಡ್ ಈಸ್ ನೌ ಎಕ್ಸ್‌ಪೆಕ್ಟೆಡ್ ಅಟ್ ನೈನ್ ಫಿಫ್ಟಿ. ದಿ ನೈನ್ ಫಾರ್ಟಿ ಸರ್ವಿಸ್ ಹ್ಯಾಸ್ ಬೀನ್ ರೀಶೆಡ್ಯೂಲ್ಡ್ ಟು ಟೆನ್ ಫಿಫ್ಟೀನ್."

ಮೊದಲ ಬಸ್ಸು ಹೆಲ್ಡ್ ಅಪ್. ಅಂದರೆ ದಾರಿಯಲ್ಲಿ ಏನೋ ಅಡ್ಡ ಬಂದು ಸಿಕ್ಕಿಹಾಕಿಕೊಂಡಿದೆ. ಈ ಪದ ಆದಮೇಲೆ ಬಹಳ ಸಲ "ಬೈ" ಅಥವಾ "ಇನ್" ಬರುತ್ತೆ, ಕಾರಣ ಕೂತಿರುವುದೇ ಅಲ್ಲಿ: ಬೈ ರೋಡ್‌ವರ್ಕ್ಸ್, ಇನ್ ಟ್ರಾಫಿಕ್. ನಿಮ್ಮ "ಯಾಕೆ" ಪ್ರಶ್ನೆಗೆ ಉತ್ತರ ಅದೇ. 9:50 ಅನ್ನುವುದು ಅಂದಾಜು, ಅದಕ್ಕೇ "ಎಕ್ಸ್‌ಪೆಕ್ಟೆಡ್" ಅಂದರು. ಇನ್ನೂ ತಡವಾದರೂ ಆಗಬಹುದು.

ಎರಡನೇ ಬಸ್ಸಿಗೆ ಏನೋ ಅಡ್ಡ ಬಂತು ಅಂತ ಹೇಳಿಲ್ಲ. ಅದರ ಹೊರಡುವ ಹೊತ್ತನ್ನೇ ಬದಲಾಯಿಸಿದ್ದಾರೆ. 10:15 ಇನ್ನು ಮೇಲೆ ಅದರ ನಿಗದಿತ ಸಮಯ, ಆ ಹೊತ್ತಿಗೆ ಹೊರಟರೆ ಅದು ಲೇಟೇ ಅಲ್ಲ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ: ರೀಶೆಡ್ಯೂಲ್ಡ್ ಅಂದರೆ ತಡಕ್ಕೆ ಹೋಗಿದೆ ಅಂತಲೇ ಅಲ್ಲ, ಮೊದಲೇ ಹೊರಡುವ ಹಾಗೆ ಬದಲಾಯಿಸಿದ್ದರೂ ಅದೇ ಪದ. ಆದ್ದರಿಂದ ಪದ ಕೇಳಿ "ಓ, ಲೇಟು" ಅಂತ ತೀರ್ಮಾನ ಮಾಡಿಬಿಡಬೇಡಿ, ಹಳೇ ಟೈಮು ಹೊಸ ಟೈಮು ಎರಡನ್ನೂ ಬರೆದುಕೊಂಡು ಹೋಲಿಸಿ.

ಡಿಲೇಡ್ ಬಂದಾಗ ಅದಾದಮೇಲೆ ಬರುವ ಪುಟ್ಟ ಪದಕ್ಕೆ ಕಿವಿ ಕೊಡಿ. "ಡಿಲೇಡ್ ಬೈ ಫಾರ್ಟಿ ಮಿನಿಟ್ಸ್" ಅಂದರೆ ನಲವತ್ತು ನಿಮಿಷ ಕೂಡಿಸಬೇಕು, 9:20ರ ಬಸ್ಸು 10:00ಕ್ಕೆ. "ಡಿಲೇಡ್ ಅಂಟಿಲ್ ನೈನ್ ಫಾರ್ಟಿ" ಅಂದರೆ ಕೂಡಿಸುವುದೇ ಬೇಡ, 9:40ಕ್ಕೆ. ಎರಡರಲ್ಲೂ ಫಾರ್ಟಿ ಇದೆ, ಉತ್ತರ ಬೇರೆ. ಲಿಸನಿಂಗ್‌ನಲ್ಲಿ ಇಂಥಲ್ಲೇ ಮಾರ್ಕ್ಸ್ ಹೋಗುವುದು.

"ಡ್ಯೂ ಟು" ಕೂಡ ಹೀಗೇ ಎಡವಿಸುತ್ತೆ. "ಡ್ಯೂ ಟು ಲೀವ್ ಅಟ್ ನೈನ್ ಟ್ವೆಂಟಿ" ಅಂದರೆ 9:20ಕ್ಕೆ ಹೊರಡಬೇಕಾದ ಬಸ್ಸು ಅಂತ. "ಡ್ಯೂ ಟು ರೋಡ್‌ವರ್ಕ್ಸ್" ಅಂದರೆ ರಸ್ತೆ ಕೆಲಸದಿಂದಾಗಿ ಅಂತ. ಒಂದೇ ವಾಕ್ಯದಲ್ಲಿ ಎರಡೂ ಬರುವುದುಂಟು. ಮುಂದೆ ಕ್ರಿಯಾಪದ ಬಂದರೆ ಅಲ್ಲಿ ಸಮಯ, ನಾಮಪದ ಬಂದರೆ ಅಲ್ಲಿ ಕಾರಣ ಹುಡುಕಿ.

ಪೋಸ್ಟ್‌ಪೋನ್ಡ್ ಅನ್ನು ಮೀಟಿಂಗು, ಪಂದ್ಯ, ಪ್ರವಾಸ ಇಂಥವಕ್ಕೆ ಹೆಚ್ಚಾಗಿ ಬಳಸುತ್ತಾರೆ: ಇವತ್ತು ಬೇಡ, ಇನ್ನೊಂದು ದಿನ ಅಂತ ಮುಂದೂಡುವುದು. ದಿನಾ ಓಡುವ ಬಸ್ಸಿಗೆ ಅದು ಅಷ್ಟು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಸ್ ಅನೌನ್ಸ್‌ಮೆಂಟ್‌ನಲ್ಲೂ ಕೇಳಿದ್ದೇನೆ ಅಂತ ಇಲ್ಲೊಬ್ಬರು ವಾದಿಸಿದ್ದಾರೆ. ಇರಬಹುದು, ಒಂದೊಂದು ಕಡೆಯ ಇಂಗ್ಲಿಷ್ ಒಂದೊಂದು ಥರ. ಪ್ರಶ್ನೆಪತ್ರಿಕೆಯ ಆಯ್ಕೆಗಳಲ್ಲಿ ಬಂದರೆ ಮಾತ್ರ, ಆಡಿಯೋದಲ್ಲಿ ಬೇರೆ ದಿನದ ಮಾತು ಬಂತಾ ಅಂತ ನೋಡಿಕೊಂಡು ಆಮೇಲೆ ಗುರುತು ಹಾಕಿ.

ಬಸ್ಸು ಪೋಸ್ಟ್‌ಪೋನ್ ಆದರೆ ಟಿಕೆಟ್ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದವರಿಗೆ: ನಿಮ್ಮ ಕಷ್ಟ ಅರ್ಥವಾಗುತ್ತೆ, ಆದರೆ ಇಲ್ಲಿ ನಡೆಯುತ್ತಿರುವುದು ಇಂಗ್ಲಿಷ್ ಅಭ್ಯಾಸದ ಮಾತು. ಅದನ್ನು ಟಿಕೆಟ್ ಕೊಟ್ಟವರ ಹತ್ತಿರವೇ ವಿಚಾರಿಸಿ.

ಪ್ರಿಪೋನ್ಡ್ ಬಗ್ಗೆ ಕೇಳಿದವರಿಗೂ ಒಂದು ಮಾತು. ಅದು ನಮ್ಮ ಇಂಗ್ಲಿಷ್‌ನಲ್ಲಿ ಚೆನ್ನಾಗಿಯೇ ಓಡುತ್ತೆ, ಬ್ರಿಟಿಷ್ ಆಡಿಯೋದಲ್ಲಿ ಅದನ್ನು ಕಾಯಬೇಡಿ. ಅವರು "ಬ್ರಾಟ್ ಫಾರ್ವರ್ಡ್" ಅನ್ನುತ್ತಾರೆ, ಅದು ಮುಂಚಿನ ಹೊತ್ತಿಗೆ ಎಳೆದದ್ದು. "ಪುಟ್ ಬ್ಯಾಕ್" ಅಂದರೆ ತಡಕ್ಕೆ ತಳ್ಳಿದ್ದು. ಬ್ಯಾಕ್ ಅಂತ ಕೇಳಿ ಬೇಗ ಹೊರಡುತ್ತೆ ಅಂದುಕೊಳ್ಳುವವರು ಬಹಳ.

ಕೊನೇದಾಗಿ, ಮೇಲಿನ ಮಾದರಿಯನ್ನು ಬೇರೆಯವರಿಂದ ಓದಿಸಿ, ಫಿಫ್ಟೀನ್ ಜಾಗದಲ್ಲಿ ಕೆಲವು ಸಲ ಫಿಫ್ಟಿ ಹೇಳಿಸಿ. ಫಿಫ್ಟೀನ್‌ನಲ್ಲಿ ಸಾಮಾನ್ಯವಾಗಿ ಒತ್ತು ಬೀಳುವುದು "ಟೀನ್" ಮೇಲೆ, ಅದು ಉದ್ದವಾಗಿ ಕೇಳುತ್ತೆ. ಫಿಫ್ಟಿಯಲ್ಲಿ ಒತ್ತು "ಫಿಫ್" ಮೇಲೆ. 10:15 ಮತ್ತು 10:50 ಬೇರೆ ಬೇರೆಯಾಗಿ ಕಿವಿಗೆ ಬೀಳುವ ತನಕ ಇದೊಂದನ್ನೇ ಮಾಡಿ, ಆಮೇಲೆ ಮುಂದಿನ ಆಡಿಯೋ ಹಾಕಿಕೊಳ್ಳಿ.