‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಅಂದರೆ ಎದುರಿನವರಿಗೆ ಏನು ಕೇಳಿಸುತ್ತದೆ?

ಪ್ರಶ್ನೆ: ಆಫೀಸ್ ಮೇಲ್‌ಗಳಲ್ಲಿ ‘ಕೈಂಡ್ಲಿ ಡೂ ದಿ ನೀಡ್‌ಫುಲ್’, ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’, ‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್’ ಅಂತ ಬರೀತೀನಿ. ವಿದೇಶಿ ಕ್ಲೈಂಟ್‌ಗಳಿಗೆ ಇದು ಹೇಗೆ ಅನ್ನಿಸುತ್ತೆ?

‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಹಳೇ ಪತ್ರಗಳ ಧಾಟಿ, ಅಷ್ಟೇ. ಯಾರಿಗೂ ಬೇಜಾರಾಗುವುದಿಲ್ಲ. ಫೈಲ್ ಹಾಕುವುದನ್ನು ಮರೆಯದಿದ್ದರೆ ಸಾಕು!

ತೊಂದರೆ ಇರುವುದು ‘ನೀಡ್‌ಫುಲ್’ನಲ್ಲಿ. ಬ್ರಿಟಿಷರ ಕಾಲದ ಕಚೇರಿ ಇಂಗ್ಲಿಷ್ ಅದು. ಅವರ ಊರಲ್ಲಿ ಹೆಚ್ಚುಕಮ್ಮಿ ಬಳಕೆ ತಪ್ಪಿದೆ, ನಮ್ಮಲ್ಲಿ ಉಳಿದುಕೊಂಡಿದೆ. ಇಲ್ಲಿ ಅದು ನಡೆಯುವುದಕ್ಕೂ ಕಾರಣ ಇದೆ. ಮಂಡ್ಯದ ತಾಲ್ಲೂಕು ಕಚೇರಿಗೆ ಹೋಗುವ ಪತ್ರದ ತಲೆಯಲ್ಲೇ ವಿಷಯ, ಉಲ್ಲೇಖ ಇರುತ್ತವೆ. ಅದು ಯಾವ ಕೇಸ್ ವರ್ಕರ್ ಟೇಬಲ್‌ಗೆ ಹೋಗಬೇಕು, ಅವರು ಏನು ಮಾಡಬೇಕು ಎಲ್ಲವೂ ಮೊದಲೇ ಗೊತ್ತು. ಕೊನೆಗೆ ‘ಮುಂದಿನ ಕ್ರಮಕ್ಕಾಗಿ’ ಎಂದರೆ ಫೈಲ್ ನಡೆಯುತ್ತದೆ. ಕ್ಲೈಂಟ್‌ನ ಇನ್‌ಬಾಕ್ಸ್‌ನಲ್ಲಿ ಈ ಏರ್ಪಾಡು ಎಲ್ಲಿದೆ?

ನಾನು ಮೈಸೂರಿನ ಹೆಬ್ಬಾಳ ಕಡೆ ಒಂದು ಕಾರ್ಖಾನೆಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ಹುಡುಗನೊಬ್ಬ ಅಮೆರಿಕದ ಖರೀದಿದಾರರಿಗೆ ಕಳಿಸಿದ ಮೇಲ್ ಇಷ್ಟೇ: ‘ಡಿಯರ್ ಸರ್, ಪ್ಲೀಸ್ ಫೈಂಡ್ ಅಟ್ಯಾಚ್ಡ್. ಕೈಂಡ್ಲಿ ಡೂ ದಿ ನೀಡ್‌ಫುಲ್.’ ಒಳಗಿದ್ದದ್ದು ಪಿಓ ನಂಬರ್, ಅಂದರೆ ಅವರ ಖರೀದಿ ಆದೇಶದ ಸಂಖ್ಯೆ, ತಿದ್ದಿದ ಇನ್‌ವಾಯ್ಸ್. ಅವರಿಗೆ ಹೇಗೆ ಗೊತ್ತಾಗಬೇಕು? ಹಣ ಹಾಕಬೇಕಾ, ಹಳೆಯದನ್ನು ರದ್ದು ಮಾಡಬೇಕಾ, ಸುಮ್ನೆ ನೋಡಿಟ್ಟುಕೊಳ್ಳಬೇಕಾ? ಕೆಲಸ ನಮ್ಮದು, ಊಹೆ ಅವರದು. ಅದರ ಮೇಲೆ ‘ಕೈಂಡ್ಲಿ’ ನಮಗೆ ವಿನಯವಾದರೂ ಅಮೆರಿಕದವರಿಗೆ ಎಷ್ಟೋ ಸಲ ಗದರಿದ ಹಾಗೆ ಕೇಳಿಸುತ್ತದೆ. ಹೆಸರಿಲ್ಲದ ಫೈಲ್, ಏನು ಎತ್ತ ಹೇಳದ ಮನವಿ... ಮೋಸದ ಮೇಲ್‌ಗಳೂ ಹೀಗೇ ಇರುತ್ತವೆ ಅಲ್ವಾ? ಅನುಮಾನ ಬಂದರೆ ತೆರೆಯುವುದೇ ಇಲ್ಲ.

ಉತ್ತರ ಬರಲಿಲ್ಲ. ಹುಡುಗ ‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್’ ಎಂದು ಶುರು ಮಾಡಿ ಇನ್ನೊಂದು ಟೈಪ್ ಮಾಡುತ್ತಿದ್ದ. ಅದನ್ನು ತಡೆದೆ. ಅವನ ಮನಸ್ಸಿನಲ್ಲಿ ಅದು ಬರೀ ‘ಉಲ್ಲೇಖ’. ಓದುವವರಿಗೆ ಮಾತ್ರ ‘ಆಗಲೇ ಹೇಳಿದ್ದೆ, ಓದೋಕೆ ಆಗಲ್ವಾ?’ ಎಂದು ಚುಚ್ಚಿದ ಹಾಗೆ. ಮೊದಲ ಮೇಲ್‌ನಲ್ಲಿ ಏನೂ ಹೇಳದೆ ಹಾಗೆ ಚುಚ್ಚಿದರಂತೂ ಕೆಟ್ಟದಾಗಿ ಕಾಣುತ್ತದೆ.

ಕೊನೆಗೆ ಇಂಗ್ಲಿಷ್‌ನಲ್ಲಿ ಹೋದ ಮೇಲ್‌ನ ಸಾರ ಇದು: ‘ಪಿಓ ನಂಬರ್ ಸರಿಪಡಿಸಿದ ಇನ್‌ವಾಯ್ಸ್ ಇದರ ಜೊತೆ ಇದೆ. ಮೊತ್ತ ಬದಲಾಗಿಲ್ಲ. ಹಳೆಯದನ್ನು ರದ್ದು ಮಾಡಿ, ಇದಕ್ಕೆ ಗುರುವಾರದೊಳಗೆ ಒಪ್ಪಿಗೆ ಕೊಡುತ್ತೀರಾ? ಆಗ ಶುಕ್ರವಾರದ ಪೇಮೆಂಟ್‌ಗೆ ಸೇರುತ್ತದೆ.’ ಸಬ್ಜೆಕ್ಟ್ ಲೈನ್‌ನಲ್ಲಿ ಇನ್‌ವಾಯ್ಸ್ ನಂಬರ್ ಹಾಕಿಸಿದೆ. ಹಿಂದಿನ ಮೇಲ್‌ನ ಸುದ್ದಿಯನ್ನೇ ಎತ್ತಲಿಲ್ಲ.

ನಿಮ್ಮ ಬ್ಯಾಂಕ್ ಶಾಖೆಗೋ ಜಿಲ್ಲಾ ಕಚೇರಿಗೋ ಬರೆಯುವಾಗ ‘ನೀಡ್‌ಫುಲ್’ ಧಾರಾಳವಾಗಿ ಹಾಕಿ. ಅಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.